ಹನ್ನೆರಡರಿಂದ ಐದೂವರೆಗೆ: ಒಂದು ಸಣ್ಣ ಫೌಂಡ್ರಿಯ ಲೆಕ್ಕ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ಕೆಟ್ಟ ಎರಕವನ್ನು ಯಾರೂ ಎಸೆಯುವುದಿಲ್ಲ. ಒಡೆದು ಮತ್ತೆ ಕುಲುಮೆಗೆ ಹಾಕುತ್ತಾರೆ. ಕಬ್ಬಿಣ ಎಲ್ಲಿಗೂ ಹೋಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ರಿಜೆಕ್ಷನ್ನಿನ ನಷ್ಟ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಕರಗಿಸಿದ ಕರೆಂಟು, ಅಚ್ಚು ಮಾಡಿದವರ ಕೂಲಿ, ಮರಳು, ಬೆಂಟೊನೈಟ್ ಮಣ್ಣು, ಮಾತು ಕೊಟ್ಟ ದಿನ, ಇವು ಯಾವುವೂ ಮರಳಿ ಬರುವುದಿಲ್ಲ. ಈ ನಷ್ಟವನ್ನು ಹುಡುಕಿ ಕಡಿಮೆ ಮಾಡುವ ಒಂದು ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಅದರ ಹೆಸರು ಡಿಮೇಕ್. ಡಿಫೈನ್, ಮೆಷರ್, ಅನಲೈಸ್, ಇಂಪ್ರೂವ್, ಕಂಟ್ರೋಲ್ ಎಂಬ ಐದು ಹಂತಗಳ ಮೊದಲಕ್ಷರಗಳಿಂದ ಆದ ಹೆಸರು ಅದು.

1980ರ ದಶಕದಲ್ಲಿ ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ ಬಿಲ್ ಸ್ಮಿತ್ ಎಂಬ ಎಂಜಿನಿಯರ್ ಮತ್ತವರ ಜೊತೆಗಾರರು ಬೆಳೆಸಿದ ಸಿಕ್ಸ್ ಸಿಗ್ಮಾ ಪದ್ಧತಿಯ ಬೆನ್ನೆಲುಬು ಇದು. 1995ರಿಂದ ಜನರಲ್ ಎಲೆಕ್ಟ್ರಿಕ್ ಅದನ್ನು ಕೈಗೆತ್ತಿಕೊಂಡ ಮೇಲೆ ಜಗತ್ತಿನ ದೊಡ್ಡ ಕಾರ್ಖಾನೆಗಳಿಗೆಲ್ಲ ಹರಡಿತು. ದೊಡ್ಡ ಕಂಪನಿಗಳ ಗದ್ದಲದಲ್ಲಿ ಇದು ಬ್ಲ್ಯಾಕ್ ಬೆಲ್ಟ್, ಸಾಫ್ಟ್‌ವೇರ್, ತರಬೇತಿ ಶುಲ್ಕಗಳ ವ್ಯವಹಾರವಾಗಿ ಕಾಣುತ್ತದೆ. ನಲವತ್ತು ಜನ ದುಡಿಯುವ ಕಾರ್ಖಾನೆಗೆ ಅವು ಯಾವುವೂ ಬೇಕಿಲ್ಲ. ಒಂದು ದಪ್ಪ ನೋಟುಬುಕ್ಕು, ಒಂದು ಒಳ್ಳೆಯ ತಕ್ಕಡಿ, ಕ್ಯಾಲ್ಕುಲೇಟರು, ಮೂರು ನಾಲ್ಕು ತಿಂಗಳ ತಾಳ್ಮೆ ಇದ್ದರೆ ಸಾಕು.

ಮುಂದೆ ಬರುವ ಕಾರ್ಖಾನೆ ನಿರ್ದಿಷ್ಟವಾದ ಯಾವುದೋ ಒಂದು ಕಾರ್ಖಾನೆಯಲ್ಲ. ಸಣ್ಣ ಫೌಂಡ್ರಿಗಳ ಕೆಲಸದ ರೀತಿ ಇಟ್ಟುಕೊಂಡು, ಲೆಕ್ಕ ಬಿಡಿಸಿ ತೋರಿಸಲೆಂದು ನಾನು ಕಟ್ಟಿದ ಮಾದರಿ. ಅದರ ಅಂಕಿಗಳು ಮಾದರಿಯವು. ಮರಳು, ನೀರು, ಕಬ್ಬಿಣಗಳ ನಡವಳಿಕೆ ಮಾತ್ರ ಯಾವ ಫೌಂಡ್ರಿಯಲ್ಲೂ ಕಾಣುವಂಥದ್ದು.

ಸಮಸ್ಯೆಯನ್ನು ಬರೆದಿಡುವುದು

ನಮ್ಮ ಫೌಂಡ್ರಿ ನೀರಿನ ಪಂಪಿನ ಕೇಸಿಂಗ್ ಎರಕ ಹೊಯ್ಯುತ್ತದೆ. ಒಂದರ ತೂಕ 8 ಕಿಲೋ. ದಿನಕ್ಕೆ 120, ತಿಂಗಳಿಗೆ ಸುಮಾರು 3,000. "ರಿಜೆಕ್ಷನ್ ಎಷ್ಟು?" ಎಂದು ಕೇಳಿದರೆ ಮಾಲೀಕರು "ಎಂಟು ಪರ್ಸೆಂಟ್ ಐತ್ರಿ" ಎನ್ನುತ್ತಾರೆ. ಅವರ ತಪಾಸಣೆ ಮೇಜಿನ ಪುಸ್ತಕದಲ್ಲಿರುವುದು ಅಷ್ಟೇ. ಆದರೆ ಗ್ರಾಹಕರ ಮಷಿನ್ ಶಾಪಿನಲ್ಲಿ ಮೇಲ್ಮೈ ಕೊರೆದ ಮೇಲೆ ಒಳಗಿನ ರಂಧ್ರ ಬಯಲಾಗಿ ಹಿಂದಿರುಗಿ ಬಂದ ಕೇಸಿಂಗುಗಳು ಬೇರೆ ಪುಸ್ತಕದಲ್ಲಿವೆ. ಅವೂ ನೂರಕ್ಕೆ ನಾಲ್ಕು. ಎರಡನ್ನೂ ಕೂಡಿಸಿ, ಹೊಯ್ದ ಒಟ್ಟು ಅಚ್ಚುಗಳಿಂದ ಭಾಗಿಸಿದರೆ ನಿಜವಾದ ಅಂಕಿ ಶೇ. 12.

ಡಿಫೈನ್ ಹಂತದ ಮುಖ್ಯ ಕೆಲಸ ಇದೇ. ಏನನ್ನು ಕೆಟ್ಟದ್ದೆಂದು ಎಣಿಸುತ್ತೇವೆ, ಎಲ್ಲಿ ಎಣಿಸುತ್ತೇವೆ, ಯಾವುದರಿಂದ ಭಾಗಿಸುತ್ತೇವೆ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಎಲ್ಲಿ ಸಿಕ್ಕರೂ ಸರಿ, ಕೆಟ್ಟ ಕೇಸಿಂಗ್ ಕೆಟ್ಟದ್ದೇ. ಭಾಗಿಸುವುದು ಹೊಯ್ದ ಅಚ್ಚುಗಳ ಸಂಖ್ಯೆಯಿಂದ. ಈ ಎರಡು ವಾಕ್ಯ ಬರೆಯದೆ ಹೊರಟವರು ನಾಲ್ಕು ತಿಂಗಳ ಮೇಲೆ "ಕಡಿಮೆ ಆಯಿತೋ ಇಲ್ಲವೋ" ಎಂದು ಜಗಳಕ್ಕೆ ಕೂರುತ್ತಾರೆ.

ಆಮೇಲೆ ಒಂದು ಪುಟದ ಒಪ್ಪಂದ. ಸಮಸ್ಯೆ: ಕೇಸಿಂಗ್ ರಿಜೆಕ್ಷನ್ ಕಳೆದ ಮೂರು ತಿಂಗಳಲ್ಲಿ 9,000ಕ್ಕೆ 1,080. ಗುರಿ: ನಾಲ್ಕು ತಿಂಗಳಲ್ಲಿ ಶೇ. 5. ಕೆಡಬಾರದ್ದು: ದಿನದ 120 ಅಚ್ಚುಗಳ ಉತ್ಪಾದನೆ. ಕೆಟ್ಟ 360 ಕೇಸಿಂಗನ್ನು ಪ್ರತಿ ತಿಂಗಳು ಮತ್ತೆ ಕರಗಿಸಲು ಎಷ್ಟು ಕರೆಂಟು ಬೇಕೆಂದೂ ಅದರಲ್ಲಿ ಬರೆದರು. ಎಂಟು ಕಿಲೋ ಕೇಸಿಂಗಿಗೆ ರನ್ನರ್, ರೈಸರ್ ಸೇರಿ ಹನ್ನೆರಡು ಕಿಲೋಗೂ ಹೆಚ್ಚು ದ್ರವ ಕಬ್ಬಿಣ ಹೊಯ್ಯಬೇಕಾಗುತ್ತದೆ. ಇಂಡಕ್ಷನ್ ಕುಲುಮೆಗೆ ಟನ್ನಿಗೆ 650 ಯೂನಿಟ್ ಎಂದು ಹಿಡಿದರೆ ತಿಂಗಳಿಗೆ ಸುಮಾರು 2,900 ಯೂನಿಟ್ ಬರಿದೇ ಹೋಗುತ್ತಿದೆ. ಎಲ್ಲಿಗೂ ಹೋಗದ ಕಬ್ಬಿಣದ ಖರ್ಚು ಅಲ್ಲಿ ಕಾಣಿಸಿಕೊಂಡಿತು.

ಆ ಪುಟದಲ್ಲಿ ಇರಬಾರದ ಒಂದು ಸಂಗತಿಯೂ ಇದೆ, ಕಾರಣ. "ಮರಳು ಸರಿಯಿಲ್ಲದ್ದರಿಂದ ರಿಜೆಕ್ಷನ್ ಹೆಚ್ಚಾಗಿದೆ" ಎಂದು ಬರೆದ ಗಳಿಗೆಗೆ ಹುಡುಕಾಟ ನಿಂತುಹೋಗುತ್ತದೆ.

ಮೊದಲು ಕಣ್ಣಿನ ಪರೀಕ್ಷೆ

ಸಣ್ಣ ಕಾರ್ಖಾನೆಗಳಲ್ಲಿ ಬಹಳ ಸಲ ಆಗುವುದೇನೆಂದರೆ ಸಮಸ್ಯೆ ಬರೆದ ಮರುದಿನವೇ ಪರಿಹಾರಕ್ಕೆ ಕೈಹಾಕುವುದು. ಮರಳಿನ ವ್ಯಾಪಾರಿಯನ್ನು ಬದಲಿಸುತ್ತಾರೆ, ಹೊಸ ರಾಸಾಯನಿಕ ತರಿಸುತ್ತಾರೆ, ಮೋಲ್ಡರನ್ನು ಬೈಯುತ್ತಾರೆ. ಎರಡನೆಯ ಹಂತ, ಮೆಷರ್, ಬೇಸರದ್ದೆಂದು ಬಿಟ್ಟುಹೋಗುತ್ತದೆ. ಇಡೀ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ.

ಫೌಂಡ್ರಿಯ ರಿಜೆಕ್ಷನ್ ಪುಸ್ತಕದಲ್ಲಿ ಕೆಟ್ಟ ಕೇಸಿಂಗಿನ ಮುಂದೆ ಬಹುಪಾಲು "ಸ್ಯಾಂಡ್" ಎಂದೇ ಬರೆದಿತ್ತು. ಇದು ನಿಜವೇ? ತಪಾಸಣೆಗೆ ಇಬ್ಬರಿದ್ದರು. ಮೂವತ್ತು ಕೇಸಿಂಗ್ ತೆಗೆದಿಟ್ಟರು. ಹತ್ತು ಒಳ್ಳೆಯವು, ಇಪ್ಪತ್ತು ಕೆಟ್ಟವು. ಸಂಖ್ಯೆ ಅಂಟಿಸಿ, ಕ್ರಮ ಕಲಸಿ, ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದರಲ್ಲಿ ಇಬ್ಬರೂ ಬಹುತೇಕ ಒಪ್ಪಿದರು. ಆದರೆ ಇಪ್ಪತ್ತು ಕೆಟ್ಟವುಗಳ ದೋಷಕ್ಕೆ ಒಂದೇ ಹೆಸರು ಕೊಟ್ಟದ್ದು ಹನ್ನೊಂದರಲ್ಲಿ ಮಾತ್ರ. ಒಬ್ಬರಿಗೆ ಸ್ಯಾಂಡ್ ಆಗಿ ಕಂಡದ್ದು ಇನ್ನೊಬ್ಬರಿಗೆ ಗ್ಯಾಸ್. ಇಂಥ ಪುಸ್ತಕ ಇಟ್ಟುಕೊಂಡು ಯಾವ ದೋಷ ಹೆಚ್ಚು ಎಂದು ಲೆಕ್ಕ ಹಾಕಿದರೆ ಸಿಗುವುದು ಆ ದಿನ ಪೆನ್ನು ಹಿಡಿದವರ ಅಭ್ಯಾಸವಷ್ಟೇ.

ಇದಕ್ಕೆ ಪರಿಹಾರ ಸುಲಭವಿತ್ತು. ಕೆಲವು ಕೆಟ್ಟ ಕೇಸಿಂಗುಗಳನ್ನು ಗರಗಸದಲ್ಲಿ ಸೀಳಿ ಹಲಗೆಗೆ ತೂಗುಹಾಕಿದರು. ಗೋಡೆ ನುಣುಪಾಗಿ ಹೊಳೆಯುವ ಉರುಟು ಗುಳಿಯಾದರೆ ಗ್ಯಾಸ್ ಹೋಲ್. ಅಂಚು ಒರಟಾಗಿದ್ದು ಒಳಗೆ ಮರಳಿನ ಕಣ ಕಂಡರೆ ಸ್ಯಾಂಡ್. ದಪ್ಪ ಭಾಗದ ನಡುವೆ ಹರಳುಹರಳಾದ ಪೊಳ್ಳಿದ್ದರೆ ಶ್ರಿಂಕೇಜ್, ಅಂದರೆ ಲೋಹ ತಣಿಯುವಾಗ ಕುಗ್ಗಿ ಉಳಿದ ಜಾಗ. ಅಂಚು ತುಂಬದೆ ದುಂಡಗಾಗಿ ನಿಂತಿದ್ದರೆ ಲೋಹ ತಣ್ಣಗಾಗಿತ್ತೆಂದು ಅರ್ಥ. ಒಂದು ವಾರದ ನಂತರ ಅದೇ ಪರೀಕ್ಷೆ ಮತ್ತೆ ಮಾಡಿದಾಗ ಇಪ್ಪತ್ತರಲ್ಲಿ ಹದಿನೆಂಟಕ್ಕೆ ಇಬ್ಬರದೂ ಒಂದೇ ಹೆಸರು.

ಇನ್ನೊಂದು ಅಳತೆ ಮರಳಿನ ತೇವದ್ದು. ಅಚ್ಚಿನ ಮರಳಿಗೆ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಸೇರಿಸಿ ಮಲ್ಲರ್ ಎಂಬ ಅರೆಯುವ ಯಂತ್ರದಲ್ಲಿ ಕಲಸುತ್ತಾರೆ. ರೊಟ್ಟಿಯ ಹಿಟ್ಟಿನ ಹಾಗೆ, ನೀರು ಒಂಚೂರು ಹೆಚ್ಚಾದರೂ ಕಡಿಮೆಯಾದರೂ ಕೈಗೆ ಗೊತ್ತಾಗುತ್ತದೆ. ಆದರೆ ಎಷ್ಟು ಹೆಚ್ಚು ಎಂಬುದು ಕೈಗೆ ಗೊತ್ತಾಗುವುದಿಲ್ಲ. ಫೌಂಡ್ರಿಯಲ್ಲಿ ಒಂದು ತೇವಮಾಪಕವಿತ್ತು. ತೂಗಿದ ಮರಳನ್ನು ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕುಲುಕಿದರೆ ನೀರಿಗೂ ಕಾರ್ಬೈಡಿಗೂ ಪ್ರತಿಕ್ರಿಯೆಯಾಗಿ ಅಸಿಟಿಲೀನ್ ಅನಿಲ ಏಳುತ್ತದೆ. ಅದರ ಒತ್ತಡವನ್ನು ಮುಳ್ಳು ಶೇಕಡಾ ತೇವವಾಗಿ ತೋರಿಸುತ್ತದೆ. ಒಳ್ಳೆಯ ಸಾಧನ. ಒಂದೇ ಗುಡ್ಡೆಯ ಮರಳನ್ನು ಹತ್ತು ಸಲ ಅಳೆದು ನೋಡಿದರು. ಓದು 3.2ರಿಂದ 4.1ರವರೆಗೆ ಚೆದುರಿತು. ಮರಳು ಒಂದೇ, ಉತ್ತರ ಹತ್ತು!

ದೋಷ ಮಾಪಕದ್ದಲ್ಲ. ಪರೀಕ್ಷೆಗೆ ಬೇಕಾದ ಮರಳು ಬರಿಯ 6 ಗ್ರಾಂ. ಅದನ್ನು ತೂಗುತ್ತಿದ್ದ ಹಳೆಯ ತಕ್ಕಡಿ ಅರ್ಧ ಗ್ರಾಂ ಅತ್ತಿತ್ತ ಆಡುತ್ತಿತ್ತು. ಜೊತೆಗೆ ಮರಳನ್ನು ತೆರೆದ ಬೋಗುಣಿಯಲ್ಲಿ ತಂದು ಇಡುತ್ತಿದ್ದರು, ಸರದಿ ಬರುವಷ್ಟರಲ್ಲಿ ಅದು ಒಣಗುತ್ತಿತ್ತು. ಸೂಕ್ಷ್ಮ ತಕ್ಕಡಿಯೊಂದನ್ನು ಕೊಂಡು, ಮುಚ್ಚಳದ ಡಬ್ಬಿಯಲ್ಲಿ ಮರಳು ತರುವ ರೂಢಿ ಮಾಡಿದ ಮೇಲೆ ಹತ್ತು ಓದುಗಳು 0.3ರೊಳಗೆ ಬಂದವು. ಇಷ್ಟಾದ ಮೇಲೆಯೇ ತೇವದ ಬಗ್ಗೆ ಮಾತಾಡುವ ಹಕ್ಕು ಅವರಿಗೆ ಬಂದದ್ದು.

ಈಗ ನಾಲ್ಕು ವಾರಗಳ ಹೊಸ ಎಣಿಕೆ. 24 ದಿನ, 2,880 ಕೇಸಿಂಗ್, ಕೆಟ್ಟವು 346. ಅದೇ ಶೇ. 12. ಆದರೆ ಹೆಸರುಗಳು ಬದಲಾಗಿದ್ದವು. ಗ್ಯಾಸ್ ಹೋಲ್ 187, ಸ್ಯಾಂಡ್ 76, ಶ್ರಿಂಕೇಜ್ 38, ತಣ್ಣನೆಯ ಲೋಹದ್ದು 28, ಉಳಿದವು 17. ಅರ್ಧಕ್ಕಿಂತ ಹೆಚ್ಚು ಗ್ಯಾಸಿನದು. ಹಳೆಯ ಪುಸ್ತಕ ನಂಬಿ ಮರಳಿನ ವ್ಯಾಪಾರಿಯನ್ನು ಬದಲಿಸಿದ್ದರೆ ಹಣ, ಹೊತ್ತು ಎರಡೂ ಹೋಗುತ್ತಿತ್ತು.

ದಿನದಿನದ ಅಂಕಿಗಳನ್ನು ಒಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಈ ಬಗೆಯ ನಿಯಂತ್ರಣ ನಕ್ಷೆಯನ್ನು 1924ರಲ್ಲಿ ವಾಲ್ಟರ್ ಶೂಹಾರ್ಟ್ ರೂಪಿಸಿದರು. ಮಹಲನೋಬಿಸ್ ಅವರ ಆಹ್ವಾನದ ಮೇಲೆ 1947–48ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಇದರ ಲೆಕ್ಕ ಹೀಗೆ. ಸರಾಸರಿ ಶೇ. 12 ಇದ್ದು, ದಿನಕ್ಕೆ 120 ಹೊಯ್ದರೆ, ಏನೂ ವಿಶೇಷ ನಡೆಯದ ದಿನಗಳಲ್ಲೂ ಕೆಟ್ಟವುಗಳ ಸಂಖ್ಯೆ ಒಂದೇ ಇರುವುದಿಲ್ಲ. ಎಷ್ಟು ಏರಿಳಿಯಬಹುದೆಂದು ಈ ಸೂತ್ರ ಹೇಳುತ್ತದೆ:

```
0.12 ± 3 × √(0.12 × 0.88 / 120) = 0.031, 0.209
```

ಅಂದರೆ ದಿನಕ್ಕೆ 4ರಿಂದ 25ರವರೆಗೆ ಎಷ್ಟು ಕೆಟ್ಟರೂ ಅದು ಕಾರ್ಖಾನೆಯ ಎಂದಿನ ಉಸಿರಾಟ. ಎಂಟು ಕೆಟ್ಟ ದಿನ ಮೋಲ್ಡರಿಗೆ ಶಹಬ್ಬಾಸ್, ಇಪ್ಪತ್ತು ಕೆಟ್ಟ ದಿನ ಬೈಗುಳ, ಇದು ಮಾಲೀಕರ ಪದ್ಧತಿಯಾಗಿತ್ತು. ಎರಡು ದಿನವೂ ಒಂದೇ ಕ್ರಮ ಹೆತ್ತ ಮಕ್ಕಳು, ಎರಡರಲ್ಲೂ ಆ ಮನುಷ್ಯ ಬೇರೇನೂ ಮಾಡಿರಲಿಲ್ಲ. ಕಾರ್ಮಿಕರ ಮೇಲೆ ಹೊರಿಸುವ ಅನ್ಯಾಯದ ದೊಡ್ಡ ಪಾಲು ಈ ಲೆಕ್ಕ ಗೊತ್ತಿಲ್ಲದ್ದರಿಂದ ಆಗುತ್ತದೆ. ನಾಲ್ಕು ವಾರಗಳಲ್ಲಿ ಎಲ್ಲೆ ದಾಟಿದ್ದು ಎರಡೇ ದಿನ, ಒಂದು ದಿನ 28, ಇನ್ನೊಂದು ದಿನ 31. ಎರಡೂ ಸೋಮವಾರ.

ನೀರು ಎಲ್ಲಿ ಹೋಯಿತು

ಮೂರನೆಯ ಹಂತ ಅನಲೈಸ್. ಗ್ಯಾಸ್ ಹೋಲಿಗೆ ಕಾರಣಗಳಾಗಬಲ್ಲವು ಇಪ್ಪತ್ತಕ್ಕೂ ಹೆಚ್ಚು. ಮರಳಿನಲ್ಲಿ ನೀರು ಹೆಚ್ಚಿರಬಹುದು. ಅಚ್ಚನ್ನು ತೀರ ಬಿಗಿಯಾಗಿ ಕುಟ್ಟಿ ಗಾಳಿ ಹೋಗಲು ದಾರಿ ಮುಚ್ಚಿರಬಹುದು. ಸೂಜಿಯಿಂದ ವೆಂಟ್ ಚುಚ್ಚದೆ ಬಿಟ್ಟಿರಬಹುದು. ಕೋರ್ ಸರಿಯಾಗಿ ಬೇಯದೆ ಇರಬಹುದು. ಕಬ್ಬಿಣ ತಣ್ಣಗಿದ್ದು, ಅನಿಲ ಹೊರಬೀಳುವ ಮೊದಲೇ ಮೇಲ್ಪದರ ಗಟ್ಟಿಯಾಗಿರಬಹುದು. ಇವನ್ನೆಲ್ಲ ಮೀನಿನ ಮುಳ್ಳಿನಾಕಾರದ ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸುವುದು ವಾಡಿಕೆ. ಎಷ್ಟೋ ಕಡೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿ ಮಾಡಿದ್ದು ಊಹೆ ಮಾತ್ರ. ಊಹೆಯನ್ನು ಎರಕದ ಮೇಲೆಯೇ ಪರೀಕ್ಷಿಸಬೇಕು.

ಅದಕ್ಕೆ ಪ್ರತಿ ಕೇಸಿಂಗ್ ಯಾವ ಗಂಟೆಯ ಮರಳಿನಲ್ಲಿ ಹುಟ್ಟಿತೆಂದು ತಿಳಿಯಬೇಕು. ಚಾಕ್‌ಪೀಸಿನ ಗುರುತು ಬೆಂಕಿಯಲ್ಲಿ ಉಳಿಯುವುದಿಲ್ಲ. ಮೋಲ್ಡರುಗಳೇ ಒಂದು ಉಪಾಯ ಹೇಳಿದರು. ಅಚ್ಚಿನ ಮರಳಿನ ಮೇಲೆ ಸಣ್ಣ ಅಕ್ಷರದ ಮೊಹರು ಒತ್ತುವುದು, ಆ ಅಕ್ಷರ ಕೇಸಿಂಗಿನ ಮೇಲೆ ಉಬ್ಬಾಗಿ ಮೂಡಿಬರುತ್ತದೆ. ಗಂಟೆಗೊಂದು ಅಕ್ಷರ, ಗಂಟೆಗೊಂದು ತೇವದ ಓದು. ಓದಿಗೆ ಮರಳು ತೆಗೆದದ್ದು ಮಲ್ಲರ್ ಬಳಿ ಅಲ್ಲ, ಮೋಲ್ಡರಿನ ಕೈಯ ಬಳಿ. ಈ ಆಯ್ಕೆ ಎಷ್ಟು ಮುಖ್ಯವಾಯಿತೆಂದು ಮುಂದೆ ಕಾಣುತ್ತದೆ.

ಎರಡು ವಾರಗಳ 1,440 ಕೇಸಿಂಗುಗಳನ್ನು ತೇವದ ಪ್ರಕಾರ ಮೂರು ಪಾಲು ಮಾಡಿದರು. ತೇವ ಶೇ. 3.8ಕ್ಕಿಂತ ಹೆಚ್ಚಿದ್ದ 580ರಲ್ಲಿ 64ಕ್ಕೆ ಗ್ಯಾಸ್ ಹೋಲ್, ನೂರಕ್ಕೆ 11. ಉಳಿದ 860ರಲ್ಲಿ 26ಕ್ಕೆ, ನೂರಕ್ಕೆ 3. ತೇವಕ್ಕೂ ಇದಕ್ಕೂ ಸಂಬಂಧವೇ ಇಲ್ಲದಿದ್ದರೆ, ಬರಿಯ ಆಕಸ್ಮಿಕದಿಂದ ಈ ಎರಡು ಗುಂಪಿನ ನಡುವೆ ನೂರಕ್ಕೆ ಎರಡೂವರೆಯಷ್ಟು ವ್ಯತ್ಯಾಸ ಬರಬಹುದಿತ್ತು. ಬಂದದ್ದು ಎಂಟು. ಇದು ಅಚ್ಚರಿಯೂ ಅಲ್ಲ. ಒಂದು ಲೋಟ ನೀರು ಆವಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಬೇಡುತ್ತದೆ. 1,350 ಡಿಗ್ರಿಯ ಕಬ್ಬಿಣ ತಾಗಿದ ಒದ್ದೆ ಮರಳಿನಿಂದ ಏಳುವ ಆವಿ, ಮರಳಿನೊಳಗೆ ದಾರಿ ಸಾಲದಿದ್ದರೆ ಕಬ್ಬಿಣದೊಳಗೇ ನುಗ್ಗುತ್ತದೆ.

"ಹಂಗಾರ ನೀರ ಕಮ್ಮಿ ಹಾಕ್ರಿ, ಮುಗೀತು" ಎಂದರು ಮಾಲೀಕರು. ಮಲ್ಲರ್ ನೋಡಿಕೊಳ್ಳುವ ಹಿರಿಯ ಒಪ್ಪಲಿಲ್ಲ. "ಸಾಹೇಬ್ರ, ಕಮ್ಮಿ ಹಾಕಿದ್ರ ಮಧ್ಯಾಹ್ನ ಅಚ್ಚ ಉದುರತೈತ್ರಿ" ಎಂದ. ಅವನ ಮಾತನ್ನು ಅಂಕಿಯಲ್ಲಿ ನೋಡಿದರು. ತೇವ 3.2ಕ್ಕಿಂತ ಕಡಿಮೆಯಿದ್ದ 360 ಕೇಸಿಂಗುಗಳಲ್ಲಿ ಸ್ಯಾಂಡ್ ದೋಷ 22, ನೂರಕ್ಕೆ ಆರು. ಅದಕ್ಕಿಂತ ಒದ್ದೆಯಿದ್ದ ಎರಡೂ ಪಾಲುಗಳಲ್ಲಿ ನೂರಕ್ಕೆ ಒಂದೂವರೆಯೂ ಇಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಒಣಗಿದ ಮರಳಿಗೆ ಹಿಡಿತ ಸಾಲದು, ಲೋಹದ ಹರಿವು ಅದನ್ನು ಕೊಚ್ಚಿ ಒಳಕ್ಕೆ ಒಯ್ಯುತ್ತದೆ. ನೀರು ಕಡಿಮೆ ಮಾಡಿದರೆ ಗ್ಯಾಸ್ ಇಳಿದು ಸ್ಯಾಂಡ್ ಏರುತ್ತಿತ್ತು, ಒಟ್ಟು ಅಂಕಿ ಅಲ್ಲೇ ನಿಲ್ಲುತ್ತಿತ್ತು. ಎರಡೂ ದೋಷ ಕಡಿಮೆಯಿರುವ ಕಿಂಡಿ 3.2ರಿಂದ 3.8ರ ನಡುವೆ. ಅದರೊಳಗೆ ಬಿದ್ದದ್ದು 1,440ರಲ್ಲಿ 500 ಕೇಸಿಂಗ್ ಮಾತ್ರ.

ಹಾಗಾದರೆ ತೇವ ಇಷ್ಟೊಂದು ಅಲೆದಾಡುವುದೇಕೆ? ಮಲ್ಲರಿಗೆ ಹಾಕುವ ನೀರು ದಿನವಿಡೀ ಹೆಚ್ಚುಕಡಿಮೆ ಒಂದೇ. ಬೆಳಗಿನ ಎಂಟು ಗಂಟೆಗೂ ಮಧ್ಯಾಹ್ನದ ಮೂರು ಗಂಟೆಗೂ ನಡುವೆ ಬದಲಾದದ್ದು ಏನೆಂದು ನೋಡಲು ಮರಳಿಗೇ ತಾಪಮಾಪಕ ಚುಚ್ಚಿದರು. ಬೆಳಿಗ್ಗೆ 32 ಡಿಗ್ರಿ, ಮಧ್ಯಾಹ್ನ 58. ಎರಕ ಒಡೆದು ಹಿಂದಿರುಗಿದ ಮರಳು ತಣಿಯಲು ಹೊತ್ತು ಸಿಗದೆ ಬಿಸಿಬಿಸಿಯಾಗಿ ಮಲ್ಲರಿಗೆ ಹೋಗುತ್ತಿತ್ತು. ಮರಳು 50 ಡಿಗ್ರಿಯ ಆಸುಪಾಸು ದಾಟಿದರೆ ಫೌಂಡ್ರಿಯವರು ಅದನ್ನು ಬಿಸಿ ಮರಳೆಂದು ಕರೆದು ಹೆದರುತ್ತಾರೆ. ಬೆರೆಸಿದ ನೀರು ಮಲ್ಲರಿನಿಂದ ಅಚ್ಚಿನ ಪೆಟ್ಟಿಗೆಗೆ ಹೋಗುವ ದಾರಿಯಲ್ಲೇ ಆವಿಯಾಗುತ್ತದೆ. ಮಲ್ಲರಿನ ಬಳಿ ಅಳೆದಿದ್ದರೆ ಎರಡು ಹೊತ್ತೂ ಒಂದೇ ಓದು ಬಂದು, ಸಂಗತಿ ಕಾಣದೇ ಹೋಗುತ್ತಿತ್ತು.

ಮಧ್ಯಾಹ್ನ ಉದುರದಿರಲೆಂದು ಹಿರಿಯ ನೀರಿನ ಪ್ರಮಾಣವನ್ನು ಸ್ವಲ್ಪ ಏರಿಸಿಟ್ಟುಕೊಂಡಿದ್ದ. ಅದೇ ಪ್ರಮಾಣ ತಣ್ಣನೆಯ ಬೆಳಗಿನ ಮರಳಿಗೆ ಹೆಚ್ಚಾಗಿ ಗ್ಯಾಸ್ ಹೋಲ್. ಅಷ್ಟಾದರೂ ತೀರ ಬಿಸಿಯಾದ ಹೊತ್ತಿಗೆ ಸಾಲದೆ ಸ್ಯಾಂಡ್. ಎರಡು ದೋಷ, ಮೂಲ ಒಂದೇ, ಅದು ಮರಳಿನ ಶಾಖ. ಭಾನುವಾರವಿಡೀ ಗುಡ್ಡೆ ತಣಿದಿರುವುದರಿಂದ ಸೋಮವಾರ ಬಹಳ ಹೊತ್ತಿನವರೆಗೆ ಮರಳು ತಣ್ಣಗೇ ಇರುತ್ತದೆ. ನಕ್ಷೆಯ ಎಲ್ಲೆ ದಾಟಿದ ಎರಡು ಚುಕ್ಕಿಗಳ ಗುಟ್ಟು ಅದು.

ನಾಲ್ಕು ದಿನದ ಪ್ರಯೋಗ

ಇಂಪ್ರೂವ್ ಹಂತಕ್ಕೆ ಬರುವ ಮೊದಲು ಒಂದು ಅನುಮಾನ ಉಳಿದಿತ್ತು. ಬೆಳಗಿನ ಹೊತ್ತು ಲ್ಯಾಡಲ್ಲೂ ತಣ್ಣಗಿರುತ್ತದೆ, ಕಬ್ಬಿಣದ ಶಾಖ ಬೇಗ ಇಳಿಯುತ್ತದೆ. ಬೆಳಗಿನ ಗ್ಯಾಸ್ ಹೋಲಿಗೆ ಒದ್ದೆ ಮರಳು ಕಾರಣವೋ, ತಣ್ಣನೆಯ ಲೋಹವೋ? ಎರಡೂ ಒಟ್ಟಿಗೆ ಬರುವಾಗ ಹಳೆಯ ದಾಖಲೆಯಿಂದ ಅವನ್ನು ಬಿಡಿಸಲಾಗದು. ಬೇಕೆಂದೇ ಬೇರೆ ಬೇರೆ ಮಾಡಿ ನೋಡಬೇಕು.

ಎರಡು ತೇವ, 4.2 ಮತ್ತು 3.5. ಎರಡು ಶಾಖ, 1,340 ಮತ್ತು 1,390 ಡಿಗ್ರಿ. ನಾಲ್ಕು ಜೋಡಿಗಳಿಗೆ ತಲಾ 120 ಕೇಸಿಂಗ್, ನಾಲ್ಕು ದಿನಗಳಲ್ಲಿ ಚೀಟಿ ಎತ್ತಿ ಕ್ರಮ ಕಲಸಿ ಹೊಯ್ದರು. ಬೇಕೆಂದೇ ಒದ್ದೆ ಮರಳಿನಲ್ಲಿ ಹೊಯ್ಯಲು ಮಾಲೀಕರು ಹಿಂಜರಿದರು. ಆದರೆ ನೂರಕ್ಕೆ ನಲವತ್ತು ಕೇಸಿಂಗುಗಳು ಅಂಥ ಮರಳಿನಲ್ಲೇ ಹುಟ್ಟುತ್ತಿದ್ದವು, ಲೆಕ್ಕವಿಲ್ಲದೆ. ಗ್ಯಾಸ್ ಹೋಲ್ ಬಂದದ್ದು ಹೀಗೆ: ಒದ್ದೆ ಮರಳು ಮತ್ತು ಕಡಿಮೆ ಶಾಖಕ್ಕೆ 17, ಒದ್ದೆ ಮರಳು ಮತ್ತು ಹೆಚ್ಚು ಶಾಖಕ್ಕೆ 10, ಹದದ ಮರಳು ಮತ್ತು ಕಡಿಮೆ ಶಾಖಕ್ಕೆ 5, ಹದದ ಮರಳು ಮತ್ತು ಹೆಚ್ಚು ಶಾಖಕ್ಕೆ 3. ಒದ್ದೆಯ ಎರಡು ಸೇರಿ 27, ಹದದ ಎರಡು ಸೇರಿ 8. ತೇವದ ಕೈವಾಡ ಸ್ಪಷ್ಟ. ಮರಳು ಹದದಲ್ಲಿದ್ದಾಗ ಶಾಖ ಏರಿಸಿದ್ದರಿಂದ ಬಂದ ಲಾಭ ಐದರಿಂದ ಮೂರು. 120ರಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಅದಕ್ಕಾಗಿ ದಿನವೂ ಐವತ್ತು ಡಿಗ್ರಿ ಹೆಚ್ಚು ಕಾಯಿಸುವ ಕರೆಂಟು ಸುಡುವುದು ಬೇಡವೆಂದಾಯಿತು. ಲ್ಯಾಡಲನ್ನು ಮೊದಲೇ ಕಾಯಿಸಿಕೊಂಡು, ಕೊನೆಯ ಪೆಟ್ಟಿಗೆಗೂ 1,350ಕ್ಕಿಂತ ಇಳಿಯದಂತೆ ನೋಡಿಕೊಂಡರೆ ಸಾಕು.

ನಿಜವಾದ ಬದಲಾವಣೆಗಳು ಎರಡು. ಮರಳಿನ ಒಟ್ಟು ಪ್ರಮಾಣ ಹೆಚ್ಚಿಸಿ ಎರಡು ಗುಡ್ಡೆ ಮಾಡಿ, ಒಂದು ದಿನ ಬಿಟ್ಟು ಒಂದು ದಿನ ಬಳಸಿದರು. ಇದಕ್ಕೆ ಹೊಸ ಮರಳಿನ ಖರ್ಚೂ ಜಾಗವೂ ಬೇಕಾಯಿತು. ಮಧ್ಯಾಹ್ನದ ಶಾಖ 58ರಿಂದ 42ಕ್ಕೆ ಇಳಿಯಿತು. ಎರಡನೆಯದು, ಪೈಪಿನಿಂದ ಕಣ್ಣಂದಾಜಿಗೆ ಬಿಡುತ್ತಿದ್ದ ನೀರಿಗೆ ಗೆರೆ ಹಾಕಿದ ಒಂದು ಡಬ್ಬಿ. ಮರಳಿನ ಶಾಖ ನೋಡಿ ಎಷ್ಟು ಲೀಟರ್ ಎಂಬ ಚಿಕ್ಕ ಪಟ್ಟಿಯನ್ನು ಹಿರಿಯನೇ ಕೂತು ಹೊಂದಿಸಿದ. ಉದಾಹರಣೆಗೆ, ಮರಳಿನಲ್ಲಿ ಮೊದಲೇ ಶೇ. 2 ತೇವವಿದ್ದರೆ 100 ಕಿಲೋಗೆ ಇನ್ನು ಒಂದೂವರೆ ಲೀಟರ್, ಬಿಸಿಯಿದ್ದರೆ ಆವಿಯಾಗುವಷ್ಟು ಸೇರಿಸಿ.

ಮುಂದಿನ 24 ದಿನ, ಅದೇ 2,880 ಕೇಸಿಂಗ್. ಕೆಟ್ಟವು 158, ಶೇ. 5.5. ಗುರಿ ಐದಿತ್ತು, ಮುಟ್ಟಲಿಲ್ಲ. ಗ್ಯಾಸ್ ಹೋಲ್ 187ರಿಂದ 63ಕ್ಕೆ, ಸ್ಯಾಂಡ್ 76ರಿಂದ 29ಕ್ಕೆ ಇಳಿದಿತ್ತು. ಶ್ರಿಂಕೇಜ್ 38 ಇದ್ದದ್ದು 35.

ಈ ಕೊನೆಯ ಅಂಕಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಶ್ರಿಂಕೇಜಿಗೂ ಮರಳಿನ ನೀರಿಗೂ ನೇರ ಸಂಬಂಧ ಕಡಿಮೆ, ಹಾಗಾಗಿ ಅದು ಹೆಚ್ಚು ಇಳಿಯಬಾರದು, ಇಳಿಯಲೂ ಇಲ್ಲ. ಎಲ್ಲ ದೋಷಗಳೂ ಒಂದೇ ಸಮನೆ ಅರ್ಧಕ್ಕಿಳಿದಿದ್ದರೆ, ಸುಧಾರಿಸಿದ್ದು ಎರಕವಲ್ಲ, ತಪಾಸಣೆಯ ಕಣ್ಣು ಸಡಿಲವಾಗಿದೆ ಎಂದು ಅನುಮಾನಿಸಬೇಕಿತ್ತು. ಇನ್ನೊಂದು ಸಾಕ್ಷಿ ಗ್ರಾಹಕರಿಂದ ಬಂತು. ಅವರು ಹಿಂದಿರುಗಿಸಿದ್ದು 115 ಇದ್ದದ್ದು 52 ಆಗಿತ್ತು. ಅವರ ಮಷಿನ್ ಶಾಪಿಗೆ ಇಲ್ಲಿಯ ಗುರಿ ಏನೆಂದು ಗೊತ್ತಿರಲಿಲ್ಲ. ಆ ಲೆಕ್ಕ ಕೆಲವು ವಾರ ತಡವಾಗಿ ಬರುವುದರಿಂದ, ಅದು ಬರುವವರೆಗೆ ಕಾದೇ 158 ಎಂದು ಬರೆದರು. ದಿನದ 120 ಅಚ್ಚು ಹಾಗೇ ಇತ್ತು, ಕರಗಿಸುವ ಕರೆಂಟಿನಲ್ಲಿ ತಿಂಗಳಿಗೆ ಸುಮಾರು 1,500 ಯೂನಿಟ್ ಉಳಿಯಿತು.

ಮಳೆಗಾಲ ಬಂದಾಗ

ಕಂಟ್ರೋಲ್ ಎಂಬ ಐದನೆಯ ಹಂತವನ್ನು ಹೆಚ್ಚಿನವರು ಒಂದು ಫಲಕ ತೂಗುಹಾಕಿ ಮುಗಿಸುತ್ತಾರೆ. ಆರು ತಿಂಗಳಲ್ಲಿ ಹಳೆಯ ಅಂಕಿ ಮರಳಿ ಬರುವುದು ಇಲ್ಲಿಂದಲೇ.

ರಿಜೆಕ್ಷನ್ನಿನ ನಕ್ಷೆಗೆ ಹೊಸ ಎಲ್ಲೆ ಹಾಕಿದರು. ಸರಾಸರಿ 5.5 ಆದ ಮೇಲೆ ದಿನಕ್ಕೆ 14ರವರೆಗೆ ಸಹಜ, 15 ಆದರೆ ನಿಂತು ನೋಡಬೇಕು. ಆದರೆ ಅಲ್ಲಿ ಚುಕ್ಕಿ ಏರುವಷ್ಟರಲ್ಲಿ ಎರಕ ಕೆಟ್ಟಾಗಿರುತ್ತದೆ. ಆದ್ದರಿಂದ ಕಾವಲು ಮರಳಿನ ಮೇಲೇ ಇರಬೇಕು. ಗಂಟೆಗೊಮ್ಮೆ ಮೋಲ್ಡರಿನ ಬಳಿಯ ತೇವ, ಮಲ್ಲರಿಗೆ ಹೋಗುವ ಮರಳಿನ ಶಾಖ. 3.8 ದಾಟಿದರೆ ಆ ಮರಳನ್ನು ಅಚ್ಚಿಗೆ ಕೊಡದೆ ಒಣ ಮರಳು ಸೇರಿಸಿ ಮತ್ತೆ ಕಲಸಬೇಕು. 3.2ಕ್ಕಿಂತ ಇಳಿದರೆ ನೀರು ಸೇರಿಸಿ ಮತ್ತೆ ಅರೆಯಬೇಕು. ಇದನ್ನು ಮಲ್ಲರ್ ನೋಡುವವನೇ ಮಾಡಬೇಕು, ಸೂಪರ್‌ವೈಸರ್ ಬರಲೆಂದು ಕಾಯಬೇಕಿಲ್ಲ ಎಂದು ಬರೆದಿಟ್ಟರು. ಆ ಅಧಿಕಾರ ಕೊಡದೆ ಓದು ಮಾತ್ರ ಬರೆಸಿದರೆ ಪುಸ್ತಕ ತುಂಬುತ್ತದೆ, ಮರಳು ಬದಲಾಗುವುದಿಲ್ಲ.

ಪುಸ್ತಕ ಸುಳ್ಳಾಗುವ ಅಪಾಯವೂ ಇದೆ. ಕೆಲಸದ ಒತ್ತಡದಲ್ಲಿ ಅಳೆಯದೆ, ದಿನದ ಕೊನೆಗೆ ಎಂಟೂ ಸಾಲಿಗೆ "3.5" ಎಂದು ಬರೆದುಬಿಡುತ್ತಾರೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದೇ ಮರಳನ್ನು ಹತ್ತು ಸಲ ಅಳೆದರೂ 0.3ರಷ್ಟು ಚೆದುರುತ್ತದೆಂದು ಮೆಷರ್ ಹಂತದಲ್ಲೇ ಗೊತ್ತಾಗಿತ್ತಲ್ಲ! ಹಾಗಿರುವಾಗ ದಿನಗಟ್ಟಲೆ ಒಂದೇ ಓದು ಬರುವುದು ಸಾಧ್ಯವಿಲ್ಲ. ಅಂಥ ಪುಟ ಕಂಡರೆ ಬೈಯುವ ಮೊದಲು, ಅಳೆಯಲು ಬೇಕಾದ ಐದು ನಿಮಿಷ ಅವನಿಗೆ ಸಿಗುತ್ತಿದೆಯೇ ಎಂದು ಕೇಳುವುದು ಒಳ್ಳೆಯದು. ವಾರಕ್ಕೊಮ್ಮೆ ಅದೇ ಮರಳನ್ನು ತೂಗಿ, 105 ಡಿಗ್ರಿಯ ಒಲೆಯಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗಿ ಮಾಪಕದ ಓದಿನೊಂದಿಗೆ ಹೋಲಿಸುವ ಪದ್ಧತಿಯೂ ಬೇಕು. ಕಾರ್ಬೈಡ್ ಪುಡಿ ಗಾಳಿಯ ತೇವ ಹೀರಿ ಸತ್ತುಹೋಗಿದ್ದರೆ ಮುಳ್ಳು ಸದಾ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ನೀರು ಹೆಚ್ಚಿಸುತ್ತಾ ಹೋಗುತ್ತಾರೆ.

ಬೆಳಗಾವಿಯ ಜೂನ್, ಜುಲೈ ತಿಂಗಳ ಗಾಳಿಯೇ ಒದ್ದೆ. ಹೊರಗಿನ ಹೊಸ ಮರಳು ನೆನೆದು ಬರುತ್ತದೆ, ಗುಡ್ಡೆಯ ಮರಳಿನಿಂದ ಆವಿ ಏಳುವುದು ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಹೊಂದಿಸಿದ ಲೀಟರಿನ ಪಟ್ಟಿ ಆಗ ಹೊಂದುವುದಿಲ್ಲ. ಮಳೆಗಾಲಕ್ಕೆ ಬೇರೆ ಪಟ್ಟಿ ಮಾಡಬೇಕು. ಆದರೆ 3.2ರಿಂದ 3.8ರ ಕಿಂಡಿಯನ್ನು ಮುಟ್ಟಬೇಕಿಲ್ಲ, ಅದು ಮೋಲ್ಡರಿನ ಕೈಯಲ್ಲಿರುವ ಮರಳಿನದು.

ಉಳಿದ 158ರಲ್ಲಿ ಶ್ರಿಂಕೇಜಿನ 35 ಹಾಗೇ ಇವೆ. ಅವಕ್ಕೆ ಮರಳು ಉತ್ತರವಲ್ಲ. ರೈಸರ್ ಎಲ್ಲಿ ಕೂತಿದೆ, ದಪ್ಪ ಭಾಗ ತಣಿಯುವವರೆಗೆ ಅದು ಲೋಹ ಕೊಡುತ್ತದೆಯೇ, ಕಬ್ಬಿಣದಲ್ಲಿ ಇಂಗಾಲ ಮತ್ತು ಸಿಲಿಕಾನ್ ಎಷ್ಟಿದೆ ಎಂದು ನೋಡಬೇಕು. ಅದಕ್ಕೆ ಇನ್ನೊಂದು ಪುಟದ ಒಪ್ಪಂದ, ಮತ್ತೆ ಮೊದಲ ಹಂತದಿಂದ.